ಓಟಿ-3ರ ಒತ್ತಡ: ಒಂದು ಅಂಕಿ ಪರದೆಗೆ ಬರುವ ದಾರಿ

ಶಸ್ತ್ರಚಿಕಿತ್ಸೆ ನಡೆಯುವ ಕೋಣೆಯಿಂದ ಗಾಳಿ ಸದಾ ಹೊರಕ್ಕೆ ಹೋಗುತ್ತಿರಬೇಕು. ಕಾರಿಡಾರಿನಲ್ಲಿ ಜನ ಓಡಾಡುತ್ತಾರೆ, ಸ್ಟ್ರೆಚರ್ ಉರುಳುತ್ತದೆ, ಧೂಳು ಏಳುತ್ತದೆ. ಅದರ ಗಾಳಿ ಬಾಗಿಲ ಸಂದಿಯಿಂದ ಒಳಗೆ ನುಸುಳಿದರೆ ತೆರೆದ ಗಾಯದ ಮೇಲೆ ಏನು ಬೀಳುತ್ತದೆಂದು ಹೇಳಲಾಗದು. ಆದ್ದರಿಂದ ಆಪರೇಷನ್ ಥಿಯೇಟರಿನ ಒಳಗಿನ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಿಗೆ ಇಡುತ್ತಾರೆ. ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಮಾರ್ಗಸೂಚಿ ಈ ವ್ಯತ್ಯಾಸ ಕನಿಷ್ಠ 2.5 ಪ್ಯಾಸ್ಕಲ್ ಇರಬೇಕು ಎನ್ನುತ್ತದೆ. ಗಂಟೆಗೆ ಕನಿಷ್ಠ 20 ಸಲ ಕೋಣೆಯ ಗಾಳಿ ಬದಲಾಗಬೇಕು, ಅದರಲ್ಲಿ 4 ಸಲದಷ್ಟು ಹೊರಗಿನ ತಾಜಾ ಗಾಳಿಯಾಗಿರಬೇಕು ಎಂದೂ ಹೇಳುತ್ತದೆ.

2.5 ಪ್ಯಾಸ್ಕಲ್ ಎಂದರೆ ಸುಮಾರು ಕಾಲು ಮಿಲಿಮೀಟರ್ ಎತ್ತರದ ನೀರು ಒತ್ತುವಷ್ಟು ಬಲ. ಕೈಗೆ ತಿಳಿಯುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅದು ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಗೋಡೆಯೊಳಗಿನ ಒಂದು ಸಣ್ಣ ಸೆನ್ಸರ್. ಆ ಸೆನ್ಸರ್ ಹೇಳಿದ್ದು ನೆಲಮಾಳಿಗೆಯ ಕಂಟ್ರೋಲ್ ರೂಮಿನ ಪರದೆಗೆ ತಲುಪುವ ವ್ಯವಸ್ಥೆಯೇ ಬಿಎಂಎಸ್, ಅಂದರೆ ಕಟ್ಟಡದ ಗಾಳಿ, ನೀರು, ವಿದ್ಯುತ್ತಿನ ಯಂತ್ರಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ‘ಓಟಿ-3: 8.0’ ಎಂದು ಕಾಣುತ್ತಿದ್ದರೆ ಎಲ್ಲರಿಗೂ ಸಮಾಧಾನ. ಆದರೆ ಆ ಅಂಕಿ ನಿಜವೇ? ಓಟಿ-3ರದ್ದೇ? ಈ ಹೊತ್ತಿನದ್ದೇ? ಈ ಮೂರು ಪ್ರಶ್ನೆಗೂ ಉತ್ತರ ಎರಡು ಕಾಗದಗಳಲ್ಲಿದೆ. ಒಂದು ಪಾಯಿಂಟ್ ಲಿಸ್ಟ್, ಇನ್ನೊಂದು ನೆಟ್‌ವರ್ಕ್ ನಕ್ಷೆ. ಆಸ್ಪತ್ರೆ ಕಟ್ಟುವಾಗ ಬಹುತೇಕರು ಓದದೆ ಸಹಿ ಹಾಕುವ ಕಾಗದಗಳೂ ಇವೇ.

ಉದಾಹರಣೆಗೆ ಕರಾವಳಿಯ ಊರೊಂದರಲ್ಲಿ 200 ಹಾಸಿಗೆಯ, ಐದು ಮಹಡಿಯ ಆಸ್ಪತ್ರೆ ಎಂದುಕೊಳ್ಳೋಣ. ಮೂರನೇ ಮಹಡಿಯಲ್ಲಿ ನಾಲ್ಕು ಓಟಿಗಳು, ಪ್ರತಿ ಓಟಿಗೂ ಅದರದೇ ಎಎಚ್‌ಯು. ಗಾಳಿಯನ್ನು ಸೋಸಿ, ತಣಿಸಿ, ಒಣಗಿಸಿ ಕೋಣೆಗೆ ತಳ್ಳುವ ಪೆಟ್ಟಿಗೆಗೆ ಈ ಹೆಸರು. ನಾವು ಓಟಿ-3ರ ಒತ್ತಡದ ಅಂಕಿಯೊಂದನ್ನೇ ಹಿಂಬಾಲಿಸೋಣ. ಅದು ಹೋದ ದಾರಿಯಲ್ಲೇ ಇಡೀ ವ್ಯವಸ್ಥೆ ಕಾಣಸಿಗುತ್ತದೆ.

ಪಟ್ಟಿಯ ಒಂದು ಸಾಲು

ಬಿಎಂಎಸ್ ಅಳೆಯುವ ಅಥವಾ ನಡೆಸುವ ಪ್ರತಿಯೊಂದು ಸಂಗತಿಯೂ ಒಂದು ಪಾಯಿಂಟ್. ಓಟಿ-3ರ ಎಎಚ್‌ಯುಗೆ ಇಂಥವು ಇಪ್ಪತ್ತರ ಆಸುಪಾಸಿನಲ್ಲಿರುತ್ತವೆ. ಫ್ಯಾನಿಗೆ ಚಾಲನೆಯ ಆದೇಶ, ಫ್ಯಾನ್ ನಿಜಕ್ಕೂ ತಿರುಗುತ್ತಿದೆಯೇ ಎಂಬ ಖಾತರಿ, ಅದರ ವೇಗ, ಕೋಣೆಗೆ ಹೋಗುವ ಗಾಳಿಯ ಪ್ರಮಾಣ, ಮೂರು ಹಂತದ ಫಿಲ್ಟರುಗಳು ಎಷ್ಟು ಕಟ್ಟಿಕೊಂಡಿವೆ ಎಂಬ ಅಳತೆ, ತಣ್ಣೀರಿನ ವಾಲ್ವ್ ಎಷ್ಟು ತೆರೆದಿದೆ, ಹೀಟರ್ ಎಷ್ಟು ಓಡುತ್ತಿದೆ, ಕೋಣೆಯ ಉಷ್ಣತೆ, ತೇವಾಂಶ, ಒತ್ತಡ ಹೀಗೆ. ಕರಾವಳಿಯಲ್ಲಿ ತಣ್ಣೀರು ಮತ್ತು ಹೀಟರ್ ಎರಡನ್ನೂ ಪಟ್ಟಿಯಲ್ಲಿ ಇಡಲೇಬೇಕು. ಮಳೆಗಾಲದ ಗಾಳಿಯಿಂದ ತೇವ ಹಿಂಡಲು ಅದನ್ನು ಬೇಕಾದುದಕ್ಕಿಂತ ಹೆಚ್ಚು ತಣಿಸಿ ಮತ್ತೆ ಬಿಸಿ ಮಾಡುತ್ತಾರೆ. ಎರಡೂ ಏಕಕಾಲಕ್ಕೆ ಓಡುವುದು ಜುಲೈಯಲ್ಲಿ ಸರಿ, ಜನವರಿಯ ಒಣ ಹವೆಯಲ್ಲಿ ಅದೇ ಕಂಡರೆ ಎಲ್ಲೋ ವಾಲ್ವ್ ಸೋರುತ್ತಿದೆ ಎಂದರ್ಥ.

ಫ್ಯಾನಿನ ‘ಖಾತರಿ’ಯ ಬಗ್ಗೆ ಒಂದು ಮಾತು. ಮೋಟಾರನ್ನು ನಡೆಸುವ ಡ್ರೈವ್‌ನಿಂದಲೇ ‘ಓಡುತ್ತಿದೆ’ ಎಂಬ ಸಂಕೇತ ತೆಗೆದುಕೊಂಡರೆ ಒಂದು ತಂತಿ ಉಳಿಯುತ್ತದೆ. ಆದರೆ ಬೆಲ್ಟ್ ಹರಿದಾಗಲೂ ಮೋಟಾರ್ ತಿರುಗುತ್ತಲೇ ಇರುತ್ತದೆ, ಡ್ರೈವ್ ‘ಓಡುತ್ತಿದೆ’ ಎಂದೇ ಹೇಳುತ್ತದೆ, ಗಾಳಿ ಮಾತ್ರ ಇರುವುದಿಲ್ಲ. ಫ್ಯಾನಿನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ನೋಡುವ ಸ್ವಿಚ್ ಹಾಕಿದರೆ ಅದು ಗಾಳಿಯನ್ನೇ ನೋಡುತ್ತದೆ. ಪಟ್ಟಿಯಲ್ಲಿ ‘ಫ್ಯಾನ್ ಸ್ಟೇಟಸ್’ ಎಂದಷ್ಟೇ ಬರೆದಿದ್ದರೆ ಗುತ್ತಿಗೆದಾರ ಅಗ್ಗದ್ದನ್ನೇ ಆರಿಸುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಎಲ್ಲಿಂದ ತೆಗೆಯಬೇಕು ಎಂದು ಬರೆಯಬೇಕಾದದ್ದು ಪಟ್ಟಿಯೇ.

ಈಗ ನಮ್ಮ ಒತ್ತಡದ ಸಾಲಿಗೆ ಬರೋಣ. ಅದು ಸರಿಯಾಗಿ ಬರೆದ ಪಟ್ಟಿಯಲ್ಲಿ ಹೀಗಿರುತ್ತದೆ:

```
Object_Identifier  : analog-input, 5
Object_Name        : OT-3.ROOM.DP
Units              : pascals
COV_Increment      : 0.5
Low_Limit          : 3.0
Deadband           : 1.0
Time_Delay         : 60
Notification_Class : 10
```

ಈ ಪದಗಳು ಬ್ಯಾಕ್‌ನೆಟ್ ಎಂಬ ಭಾಷೆಯವು. ಹಿಂದೆ ಒಂದು ಕಂಪನಿಯ ಕಂಟ್ರೋಲರ್ ಇನ್ನೊಂದು ಕಂಪನಿಯ ಯಂತ್ರದ ಜೊತೆ ಮಾತಾಡುತ್ತಿರಲಿಲ್ಲ. ಒಮ್ಮೆ ಒಬ್ಬರಿಂದ ಕೊಂಡರೆ ಕಟ್ಟಡ ಇರುವವರೆಗೂ ಅವರ ಬಳಿಯೇ ಹೋಗಬೇಕಿತ್ತು. ಇದನ್ನು ಬಿಡಿಸಲು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆ ಆಶ್ರೇ 1987ರಲ್ಲಿ ಸಮಿತಿಯೊಂದನ್ನು ಕೂರಿಸಿತು. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ನ್ಯೂಮನ್ ಅದರ ಅಧ್ಯಕ್ಷರಾಗಿದ್ದರು. 1995ರಲ್ಲಿ ಬ್ಯಾಕ್‌ನೆಟ್ ಮಾನದಂಡವಾಗಿ ಹೊರಬಂತು. ಯಾವ ಕಂಪನಿಯದ್ದಾದರೂ ಸರಿ, ಅಳೆಯುವ ಬಿಂದು `analog-input`, ಅದಕ್ಕೆ ಹೆಸರು, ಏಕಮಾನ, ಮಿತಿ ಇಂಥಿಂಥ ಜಾಗದಲ್ಲಿ ಇರಬೇಕು ಎಂಬ ಒಪ್ಪಂದ ಅದು.

ಮೇಲಿನ ಅಂಕಿಗಳು ಹೇಗೆ ಬಂದವು ಎಂದು ನೋಡಬೇಕು, ಏಕೆಂದರೆ ಪಟ್ಟಿ ಮಾಡುವವರು ಯೋಚಿಸುವುದು ಇಲ್ಲೇ. ಈ ಕೋಣೆಯಲ್ಲಿ ಬಾಗಿಲು ಮುಚ್ಚಿದಾಗ 8 ಪ್ಯಾಸ್ಕಲ್ ಇರುವಂತೆ ಗಾಳಿಯನ್ನು ಹೊಂದಿಸಲಾಗಿದೆ. ನಿಯಮ ಕೇಳುವುದು 2.5. ಹಾಗಾದರೆ 2.5ಕ್ಕೆ ಇಳಿದಾಗ ಎಚ್ಚರಿಸಿದರೆ ಸಾಕಲ್ಲವೇ? ಸಾಲದು. ಸೆನ್ಸರಿನ ಒಟ್ಟು ಹರವು ಮೈನಸ್ 25ರಿಂದ ಪ್ಲಸ್ 25, ಅಂದರೆ 50 ಪ್ಯಾಸ್ಕಲ್. ಅದರ ತಪ್ಪು ಆ ಹರವಿನ ಶೇಕಡಾ 1 ಎಂದು ತಯಾರಕರು ಬರೆದಿದ್ದರೆ ಅದು ಅರ್ಧ ಪ್ಯಾಸ್ಕಲ್ ಆಯಿತು. 3.0 ಎಂದು ತೋರಿಸುವಾಗ ನಿಜ 2.5 ಇರಬಹುದು, ಆದ್ದರಿಂದ ಮಿತಿ 3.0. ಬಾಗಿಲು ತೆರೆದಾಗ ಒತ್ತಡ ಸೊನ್ನೆಗೆ ಬೀಳುವುದು ಸಹಜ, ರೋಗಿಯನ್ನು ಒಳಗೆ ತರುವಾಗೆಲ್ಲ ಗಂಟೆ ಬಾರಿಸಿದರೆ ಎರಡೇ ದಿನದಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಅದಕ್ಕಾಗಿ 60 ಸೆಕೆಂಡು ಕಾಯುವ ಅವಧಿ. ಒಮ್ಮೆ ಎಚ್ಚರಿಕೆ ಬಂದ ಮೇಲೆ 3.0ರ ಸುತ್ತಲೇ ತೂಗಾಡುತ್ತ ಬಂದು ಹೋಗಿ ಮಾಡದಂತೆ, ಮತ್ತೆ 4.0 ದಾಟಿದರೆ ಮಾತ್ರ ‘ಸರಿಯಾಯಿತು’ ಎನ್ನಲು 1.0ರ ಅಂತರ.

ಕೊನೆಯ ಸಾಲು ಯಾರಿಗೆ ಸುದ್ದಿ ಹೋಗಬೇಕು ಎಂಬುದನ್ನು ಸೂಚಿಸುತ್ತದೆ. 10ನೇ ವರ್ಗದ ಎಚ್ಚರಿಕೆ ಯಾವ ಹೊತ್ತಿನಲ್ಲಿ ಯಾವ ಕಂಪ್ಯೂಟರಿಗೆ ಹೋಗಬೇಕು ಎಂಬ ವಿಳಾಸಪಟ್ಟಿ ಕಂಟ್ರೋಲರಿನೊಳಗೇ ಇರುತ್ತದೆ. ಅದು ಖಾಲಿಯಿದ್ದರೆ ಕಂಟ್ರೋಲರ್ ಒತ್ತಡ ಬಿದ್ದದ್ದನ್ನು ಗಮನಿಸುತ್ತದೆ, ಎಚ್ಚರಿಕೆ ಎಬ್ಬಿಸುತ್ತದೆ, ಆದರೆ ಅದನ್ನು ಯಾರಿಗೂ ಕಳಿಸುವುದಿಲ್ಲ. ಮಿತಿಯನ್ನು ಬರೆದು `Limit_Enable` ಎಂಬ ಗುರುತನ್ನು ಹಾಕದೆ ಬಿಟ್ಟರೆ ಎಚ್ಚರಿಕೆ ಏಳುವುದೇ ಇಲ್ಲ. ಪಟ್ಟಿ ಓದಿದವರಿಗೆ ಎರಡೂ ಸರಿಯಾಗಿಯೇ ಕಾಣುತ್ತವೆ. ಸೆನ್ಸರಿನ ಒಂದು ನಳಿಕೆಯನ್ನು ಕಳಚಿ, ಒಂದು ನಿಮಿಷ ಕಾದು, ಪರದೆಯಲ್ಲಿ ಸುದ್ದಿ ಬಂತೇ ಎಂದು ನೋಡುವುದೊಂದೇ ದಾರಿ.

ಸೊನ್ನೆಯಲ್ಲಿ ಸರಿ, ಉಳಿದಲ್ಲಿ ತಪ್ಪು

ಸೆನ್ಸರ್ ಒತ್ತಡವನ್ನು ವಿದ್ಯುತ್ ಪ್ರವಾಹವಾಗಿ ಬದಲಿಸಿ ಕಂಟ್ರೋಲರಿಗೆ ಕಳಿಸುತ್ತದೆ. ಮೈನಸ್ 25 ಇದ್ದರೆ 4 ಮಿಲಿಆಂಪ್, ಪ್ಲಸ್ 25 ಇದ್ದರೆ 20, ಸೊನ್ನೆಯಿದ್ದರೆ ನಡುವಿನ 12. ಕಂಟ್ರೋಲರ್ ಅದನ್ನು ತಿರುಗಿಸಿ ಪ್ಯಾಸ್ಕಲ್ ಮಾಡಿಕೊಳ್ಳುತ್ತದೆ. ಇದಕ್ಕೆ ಸೆನ್ಸರಿನ ಹರವು ಎಷ್ಟು ಎಂದು ಕಂಟ್ರೋಲರಿಗೆ ಹೇಳಿರಬೇಕು. ಹಲವು ಸೆನ್ಸರುಗಳಲ್ಲಿ ಈ ಹರವನ್ನು ಸಣ್ಣ ಸ್ವಿಚ್ಚಿನಿಂದ ಬದಲಿಸಬಹುದು, ±25 ಅಥವಾ ±50.

ಸೆನ್ಸರ್ ±25ರಲ್ಲಿದೆ, ಕಂಟ್ರೋಲರಿಗೆ ±50 ಎಂದು ತಿಳಿಸಲಾಗಿದೆ ಎಂದುಕೊಳ್ಳಿ. ಕೋಣೆಯಲ್ಲಿ ನಿಜಕ್ಕೂ 2 ಪ್ಯಾಸ್ಕಲ್ ಇದೆ. ಸೆನ್ಸರ್ ಕಳಿಸುವುದು 12.64 ಮಿಲಿಆಂಪ್. ಕಂಟ್ರೋಲರ್ ಅದನ್ನು ತನ್ನ ಲೆಕ್ಕದಲ್ಲಿ 4 ಪ್ಯಾಸ್ಕಲ್ ಎಂದು ಓದುತ್ತದೆ. ನಿಯಮಕ್ಕಿಂತ ಕೆಳಗಿಳಿದ ಕೋಣೆ ಪರದೆಯ ಮೇಲೆ ಹಸಿರಾಗಿಯೇ ಇರುತ್ತದೆ. ಪರೀಕ್ಷಿಸಲು ಬಂದವರು ಸಾಮಾನ್ಯವಾಗಿ ಮಾಡುವುದೇನು? ಬಾಗಿಲು ಪೂರ್ತಿ ತೆರೆದು ಅಂಕಿ ಸೊನ್ನೆಗೆ ಬಂತೇ ಎಂದು ನೋಡುತ್ತಾರೆ. ಬರುತ್ತದೆ. ಎರಡೂ ಹರವಿನಲ್ಲಿ ಸೊನ್ನೆ ಎಂದರೆ 12 ಮಿಲಿಆಂಪೇ. ಮುಚ್ಚಿದಾಗ ಏರಿತೇ ಎಂದು ನೋಡುತ್ತಾರೆ. ಏರುತ್ತದೆ. ಪರೀಕ್ಷೆ ಪಾಸಾಯಿತು.

ಈ ತಪ್ಪು ಸಿಕ್ಕಿಬೀಳಬೇಕಾದರೆ ಸೊನ್ನೆಯಲ್ಲದ ಇನ್ನೊಂದು ಬಿಂದುವಿನಲ್ಲಿ ಹೋಲಿಸಬೇಕು. ಬಾಗಿಲು ಮುಚ್ಚಿ, ಇತ್ತೀಚೆಗೆ ಕ್ಯಾಲಿಬ್ರೇಟ್ ಮಾಡಿಸಿದ ಕೈಮಾನೋಮೀಟರನ್ನು ಅದೇ ಎರಡು ಜಾಗಗಳ ನಡುವೆ ಹಿಡಿದು, ಒಬ್ಬರು ಓಟಿಯ ಬಾಗಿಲಲ್ಲಿ, ಇನ್ನೊಬ್ಬರು ಪರದೆಯ ಮುಂದೆ ಕೂತು ಫೋನಿನಲ್ಲಿ ಅಂಕಿ ಓದಿಕೊಳ್ಳಬೇಕು. ಪಾಯಿಂಟ್ ಲಿಸ್ಟಿನಲ್ಲಿ ಸೆನ್ಸರಿನ ಹರವಿಗೆ ಒಂದು ಕಾಲಂ, ಈ ಎರಡು ಓದುಗಳಿಗೆ ಇನ್ನೆರಡು ಕಾಲಂ ಇರಬೇಕು. ಓಟಿಯ ಬಾಗಿಲ ಪಕ್ಕ ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಮುಳ್ಳಿನ ಗೇಜೊಂದನ್ನು ಹಾಕಿಸುವುದು ಇನ್ನೂ ಒಳ್ಳೆಯದು. ಥಿಯೇಟರಿನ ಸಿಸ್ಟರ್ ಬೆಳಿಗ್ಗೆ ಅದನ್ನು ನೋಡಿ ಪುಸ್ತಕದಲ್ಲಿ ಬರೆದರೆ, ಪರದೆ ಹೇಳುವುದಕ್ಕೂ ಅದಕ್ಕೂ ತಾಳೆ ಹಾಕಲು ದಿನವೂ ಒಂದು ಸಾಕ್ಷಿ ಸಿಗುತ್ತದೆ.

ಕಂಟ್ರೋಲರಿನಿಂದ ಪರದೆಗೆ

ಇನ್ನು ನೆಟ್‌ವರ್ಕಿನ ಮಾತು. ನಕ್ಷೆ ಬರೆಯುವವರು ಮೊದಲು ನಿರ್ಧರಿಸಬೇಕಾದದ್ದು, ಯಾವುದು ನೆಟ್‌ವರ್ಕನ್ನು ನಂಬಬಾರದು ಎಂಬುದನ್ನು. ಓಟಿ-3ರ ಗಾಳಿಯ ಹರಿವು ಅಳೆಯುವ ಸೆನ್ಸರ್, ಒತ್ತಡದ ಸೆನ್ಸರ್, ಫ್ಯಾನಿನ ಡ್ರೈವ್, ವಾಲ್ವ್, ಹೀಟರ್ ಎಲ್ಲವೂ ಎಎಚ್‌ಯು ಪಕ್ಕದ ಒಂದೇ ಕಂಟ್ರೋಲರಿಗೆ ತಂತಿಯಲ್ಲಿ ನೇರವಾಗಿ ಸೇರಬೇಕು. ಆಗ ಮಧ್ಯರಾತ್ರಿ ಸ್ವಿಚ್ ಸುಟ್ಟರೂ, ಕಂಟ್ರೋಲ್ ರೂಮಿನ ಕಂಪ್ಯೂಟರ್ ಕೆಟ್ಟರೂ ಓಟಿಯ ಗಾಳಿ ಹಾಗೆಯೇ ನಡೆಯುತ್ತದೆ, ಹೋಗುವುದು ನೋಟ ಮಾತ್ರ. ಕಂಟ್ರೋಲರಿನಲ್ಲಿ ಜಾಗ ಸಾಲದೆಂದು ಒತ್ತಡದ ಸೆನ್ಸರನ್ನು ಪಕ್ಕದ ಓಟಿಯ ಕಂಟ್ರೋಲರಿಗೆ ಕಟ್ಟಿ, ನೆಟ್‌ವರ್ಕಿನ ಮೂಲಕ ಓದಿಕೊಳ್ಳುವುದುಂಟು. ಉಳಿಯುವುದು ಸ್ವಲ್ಪ ಹಣ. ಅದಕ್ಕೆ ಪ್ರತಿಯಾಗಿ, ಪಕ್ಕದ ಓಟಿಯ ರಿಪೇರಿಗೆ ಅದರ ಕಂಟ್ರೋಲರ್ ಆರಿಸಿದಾಗ ನಿಮ್ಮ ಓಟಿ ಕುರುಡಾಗುತ್ತದೆ. ಬೆಂಕಿಯ ಸಂಕೇತ ಬಂದಾಗ ಎಎಚ್‌ಯು ನಿಲ್ಲಿಸುವ ತಂತಿಯಂತೂ ಫೈರ್ ಪ್ಯಾನಲಿನಿಂದ ನೇರವಾಗಿಯೇ ಬರಬೇಕು, ಬಿಎಂಎಸ್ ಅದನ್ನು ನೋಡಿದರೆ ಸಾಕು.

ಕಂಟ್ರೋಲರಿನಿಂದ ಮುಂದೆ ಎರಡು ಬಗೆಯ ದಾರಿಗಳಿವೆ. ವಾರ್ಡುಗಳ ಕೋಣೆಗಳಲ್ಲಿರುವ ಸಣ್ಣ ಕಂಟ್ರೋಲರುಗಳನ್ನು ಎಂಎಸ್‌-ಟಿಪಿ ಎಂಬ ಎರಡೆಳೆ ತಂತಿಯಲ್ಲಿ ಒಂದರಿಂದ ಒಂದಕ್ಕೆ ಸಾಲಾಗಿ ಪೋಣಿಸುತ್ತಾರೆ. ಅಲ್ಲಿ ಒಂದು ಟೋಕನ್ ಕೈಯಿಂದ ಕೈಗೆ ಹೋಗುತ್ತದೆ, ಅದು ಸಿಕ್ಕವರು ಮಾತ್ರ ಮಾತಾಡಬೇಕು. ಅಗ್ಗ, ಗಟ್ಟಿ, ಆದರೆ ನಿಧಾನ, ಜೊತೆಗೆ ನಡುವೆ ತಂತಿ ತುಂಡಾದರೆ ಆಚೆಯವರೆಲ್ಲ ಕಾಣೆ. ನಿಯಮದ ಪ್ರಕಾರ 128 ಮಾಸ್ಟರುಗಳಿಗೆ ವಿಳಾಸವಿದ್ದರೂ ಅನುಭವಸ್ಥರು ಒಂದು ಸಾಲಿಗೆ ಮೂವತ್ತರ ಆಸುಪಾಸಿಗೇ ನಿಲ್ಲಿಸುತ್ತಾರೆ. ಓಟಿಯ ಕಂಟ್ರೋಲರುಗಳನ್ನು ಈ ಸಾಲಿಗೆ ಪೋಣಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ವಾರ್ಡಿನ ಫಾಲ್ಸ್ ಸೀಲಿಂಗಿನಲ್ಲಿ ಯಾರೋ ದೀಪ ರಿಪೇರಿ ಮಾಡುವಾಗ ತಂತಿ ಕಿತ್ತರೆ ನಾಲ್ಕೂ ಓಟಿಗಳು ಪರದೆಯಿಂದ ಮಾಯವಾಗಬಾರದು. ಅವುಗಳಿಗೆ ಎರಡನೆಯ ದಾರಿಯೇ ಸರಿ, ಅಂದರೆ ಕಂಪ್ಯೂಟರುಗಳು ಬಳಸುವ ಐಪಿ ನೆಟ್‌ವರ್ಕ್. ಪ್ರತಿ ಕಂಟ್ರೋಲರಿನಿಂದ ಮಹಡಿಯ ಸ್ವಿಚ್ಚಿಗೆ ಪ್ರತ್ಯೇಕ ಕೇಬಲ್, ಸ್ವಿಚ್ಚಿಗೆ ಯುಪಿಎಸ್.

ಈ ಐಪಿ ದಾರಿಯಲ್ಲಿ ಬ್ಯಾಕ್‌ನೆಟ್ ಯಂತ್ರಗಳು ಪರಸ್ಪರ ಹುಡುಕಿಕೊಳ್ಳುವುದು ಡಂಗುರ ಸಾರಿ. ಪರದೆಯ ಕಂಪ್ಯೂಟರ್ `Who-Is` ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಆ ಸಂಖ್ಯೆಯ ಕಂಟ್ರೋಲರ್ `I-Am` ಎಂದು ಉತ್ತರಿಸುತ್ತದೆ. ಡಂಗುರ ಊರಿನ ಗಡಿ ದಾಟುವುದಿಲ್ಲ. ನೆಟ್‌ವರ್ಕನ್ನು ಎರಡು ಭಾಗ ಮಾಡಿದರೆ ಒಂದು ಭಾಗದ ಕೂಗು ಇನ್ನೊಂದಕ್ಕೆ ಕೇಳುವುದಿಲ್ಲ. ಆಗ ಪ್ರತಿ ಭಾಗದಲ್ಲೂ ಬಿಬಿಎಂಡಿ ಎಂಬ ಒಂದು ಸಾಧನಕ್ಕೆ ಕೂಗನ್ನು ಗಡಿಯಾಚೆ ತಲುಪಿಸುವ ಕೆಲಸ ವಹಿಸುತ್ತಾರೆ. ಪ್ರತಿ ಭಾಗಕ್ಕೆ ಒಂದೇ ಒಂದು. ಇಬ್ಬರು ವಹಿಸಿಕೊಂಡರೆ ಒಂದೇ ಕೂಗು ಎರಡೆರಡು ಸಲ ಸುತ್ತುತ್ತ ನೆಟ್‌ವರ್ಕ್ ಉಸಿರುಕಟ್ಟುತ್ತದೆ. ಬಿಬಿಎಂಡಿ ಯಾವುದು, ಅದರ ವಿಳಾಸವೇನು ಎಂಬುದು ನಕ್ಷೆಯಲ್ಲಿ ಬರೆದಿರಲೇಬೇಕು. ಆಸ್ಪತ್ರೆಯ ಐಟಿ ವಿಭಾಗ ಒಂದು ಭಾನುವಾರ ನೆಟ್‌ವರ್ಕನ್ನು ಮರುವಿಂಗಡಿಸಿ, ಸೋಮವಾರ ಅರ್ಧ ಕಟ್ಟಡ ಪರದೆಯಿಂದ ಕಾಣೆಯಾಗುವುದು ಈ ಒಂದು ಸಾಲು ನಕ್ಷೆಯಲ್ಲಿ ಇಲ್ಲದ್ದರಿಂದ.

ಇಬ್ಬರು 3103

ಪ್ರತಿ ಕಂಟ್ರೋಲರಿಗೂ ಇಡೀ ಆಸ್ಪತ್ರೆಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಸಂಖ್ಯೆ ಬೇಕು. ಅದನ್ನು ಡಿವೈಸ್ ಇನ್‌ಸ್ಟೆನ್ಸ್ ಎನ್ನುತ್ತಾರೆ. 0ಯಿಂದ 4194302ರವರೆಗೆ ಯಾವುದನ್ನಾದರೂ ಕೊಡಬಹುದು, ಅಂದರೆ ಸಂಖ್ಯೆಗಳಿಗೆ ಬರವಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಮೂರನೇ ಮಹಡಿಯ ಓಟಿಗಳಿಗೆ 3101ರಿಂದ 3104.

ಕೆಲವು ವರ್ಷಗಳ ನಂತರ ಪಕ್ಕದಲ್ಲಿ ಹೊಸ ಬ್ಲಾಕ್ ಕಟ್ಟುತ್ತಾರೆ. ಗುತ್ತಿಗೆ ಇನ್ನೊಬ್ಬರದು. ಅಲ್ಲಿಯೂ ಮೂರನೇ ಮಹಡಿಯಲ್ಲಿ ಸಣ್ಣ ಚಿಕಿತ್ಸಾ ಕೋಣೆಗಳಿವೆ, ಅವರೂ ಅದೇ ಕಂಪನಿಯ ಕಂಟ್ರೋಲರ್ ತಂದು ಅದೇ ತರ್ಕದಲ್ಲಿ 3101, 3102, 3103 ಎಂದು ಬರೆದರು. ಹಳೆಯ ಪಟ್ಟಿಯನ್ನು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ. ಎರಡು ಬ್ಲಾಕುಗಳ ನೆಟ್‌ವರ್ಕ್ ಬೇರೆಬೇರೆಯಾಗಿದ್ದಷ್ಟು ಕಾಲ ಏನೂ ಆಗಲಿಲ್ಲ. ಎಲ್ಲವೂ ಒಂದೇ ಪರದೆಯಲ್ಲಿ ಕಾಣಲಿ ಎಂದು ಬಿಬಿಎಂಡಿಗಳನ್ನು ಜೋಡಿಸಿದ ದಿನ ತೊಂದರೆ ಶುರುವಾಗುತ್ತದೆ. ಪರದೆಯ ಕಂಪ್ಯೂಟರ್ ‘3103 ಯಾರು’ ಎಂದು ಕೂಗುತ್ತದೆ. ಇಬ್ಬರು ಉತ್ತರಿಸುತ್ತಾರೆ. ಸಾಮಾನ್ಯವಾಗಿ ಕಂಪ್ಯೂಟರ್ ಕಡೆಗೆ ಬಂದ ಉತ್ತರದ ವಿಳಾಸವನ್ನೇ ನೆನಪಿಟ್ಟುಕೊಳ್ಳುತ್ತದೆ. ಎರಡರಲ್ಲೂ 5ನೇ `analog-input` ಕೋಣೆಯ ಒತ್ತಡವೇ ಆಗಿರುವುದರಿಂದ ಯಾವ ದೋಷವೂ ಕಾಣುವುದಿಲ್ಲ. ‘ಓಟಿ-3: 12.0’ ಎಂದು ಪರದೆ ತೋರಿಸುತ್ತದೆ, ಹಸಿರಾಗಿಯೇ. ಅದು ಪಕ್ಕದ ಕಟ್ಟಡದ ಇನ್ನಾವುದೋ ಕೋಣೆಯ ಒತ್ತಡ. ಓಟಿ-3ಕ್ಕೆ ಎಂದು ಕಳಿಸಿದ ಆದೇಶವೂ ಅಲ್ಲಿಗೇ ಹೋಗುತ್ತದೆ.

ಪತ್ತೆ ಹಚ್ಚುವುದು ಹೇಗೆ? ಮೊದಲ ಸುಳಿವು ಗ್ರಾಫಿನಲ್ಲಿ ಸಿಗುತ್ತದೆ. 8ರ ಹತ್ತಿರ ಓಡುತ್ತಿದ್ದ ಗೆರೆ ಒಂದು ಕ್ಷಣದಲ್ಲಿ 12ಕ್ಕೆ ಹಾರಿ ಅಲ್ಲೇ ನಿಂತು, ಕಂಪ್ಯೂಟರ್ ಮರುಚಾಲನೆ ಆದಾಗ ಮತ್ತೆ 8ಕ್ಕೆ ಬರುತ್ತದೆ. ಕೋಣೆಯ ನಿಜವಾದ ಒತ್ತಡ ಹೀಗೆ ಮೆಟ್ಟಿಲು ಹತ್ತಿ ಇಳಿದು ಮಾಡುವುದಿಲ್ಲ. ಎರಡನೆಯದು, ಸಿಸ್ಟರ್ ಪುಸ್ತಕದಲ್ಲಿ ಬರೆದ ಮುಳ್ಳಿನ ಗೇಜಿನ ಅಂಕಿಗೂ ಪರದೆಗೂ ತಾಳೆಯಾಗುವುದಿಲ್ಲ. ಖಾತರಿಗೆ, ನೆಟ್‌ವರ್ಕಿನ ಸಂಚಾರ ನೋಡುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ `udp.port == 47808` ಎಂದು ಸೋಸಿ, 3103 ಒಂದಕ್ಕೇ `Who-Is` ಕಳಿಸಿ ನೋಡಬೇಕು. ಒಂದು ಪ್ರಶ್ನೆಗೆ ಎರಡು ಬೇರೆ ವಿಳಾಸಗಳಿಂದ `I-Am` ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಹೊಸ ಕಟ್ಟಡದ ಸಂಖ್ಯೆಗಳನ್ನು 7101, 7102 ಎಂದು ಬದಲಿಸುವುದು ಕೆಲವೇ ನಿಮಿಷದ ಕೆಲಸ. ಆ ಸಂಖ್ಯೆಯನ್ನು ನಂಬಿದ್ದ ಚಿತ್ರಗಳು, ಗ್ರಾಫುಗಳು, ಎಚ್ಚರಿಕೆಗಳನ್ನೆಲ್ಲ ತಿದ್ದುವುದು ವಾರದ ಕೆಲಸ.

ಅಂಕಿ ಈ ಹೊತ್ತಿನದ್ದೇ ಎಂಬ ಪ್ರಶ್ನೆ ಉಳಿಯಿತು. ನೆಟ್‌ವರ್ಕಿನ ಹೊರೆ ತಗ್ಗಿಸಲು, ಮೌಲ್ಯ ಬದಲಾದಾಗ ಮಾತ್ರ ಕಂಟ್ರೋಲರ್ ಸುದ್ದಿ ಕಳಿಸುವ ಏರ್ಪಾಡಿದೆ. ಪಟ್ಟಿಯ `COV_Increment` ಅದೇ, ಅರ್ಧ ಪ್ಯಾಸ್ಕಲ್ ಬದಲಾದರೆ ತಿಳಿಸು ಎಂದು. ಒಳ್ಳೆಯ ಏರ್ಪಾಡು, ಆದರೆ ಕಂಟ್ರೋಲರ್ ಸತ್ತರೂ ಸುದ್ದಿ ಬರುವುದಿಲ್ಲ, ಏನೂ ಬದಲಾಗದಿದ್ದರೂ ಬರುವುದಿಲ್ಲ. ಎರಡಕ್ಕೂ ವ್ಯತ್ಯಾಸ ತಿಳಿಯಲು ಪರದೆಯ ಕಂಪ್ಯೂಟರ್ ಆಗಾಗ ತಾನೇ ಹೋಗಿ ವಿಚಾರಿಸಬೇಕು, ಉತ್ತರ ಬಾರದಿದ್ದರೆ ಅಂಕಿಯ ಬಣ್ಣ ಬದಲಿಸಬೇಕು. ಹಸ್ತಾಂತರದ ದಿನ ಓಟಿ-3ರ ಕೇಬಲ್ ಕಿತ್ತು ಗಡಿಯಾರ ನೋಡಿ. 8.0 ಎಂಬುದು ಎಷ್ಟು ಹೊತ್ತು ಹಸಿರಾಗಿ ನಿಂತಿರುತ್ತದೆ? ಒಂದೆರಡು ನಿಮಿಷವಾದರೆ ಸರಿ. ಅರ್ಧ ಗಂಟೆಯಾದರೂ ಹಸಿರಾಗಿಯೇ ಇದ್ದರೆ ಸಹಿ ಹಾಕಬೇಡಿ.

ಬಿಡಿಸದೆ ಹೋದ ಆದೇಶ

ಅಳತೆ ಸುಳ್ಳಾಗುವ ಬಗೆಗಳನ್ನು ನೋಡಿದೆವು. ಆದೇಶ ಸುಳ್ಳಾಗುವ ಬಗೆಯೊಂದಿದೆ. ಅದು ಇವೆಲ್ಲಕ್ಕಿಂತ ಮೆಲ್ಲಗೆ ಬರುತ್ತದೆ.

ಓಟಿ-3 ಆರು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆ. 108 ಘನ ಮೀಟರ್ ಗಾತ್ರ. ಗಂಟೆಗೆ 20 ಸಲ ಗಾಳಿ ಬದಲಾಗಬೇಕಾದರೆ 2160 ಘನ ಮೀಟರ್ ಬೇಕು. ಸ್ವಲ್ಪ ಕೈಹಿಡಿದು 2400 ಎಂದು ನಿಗದಿ ಮಾಡಿದ್ದಾರೆ. ಫಿಲ್ಟರ್ ಹೊಸದಿದ್ದಾಗ ಫ್ಯಾನ್ ಶೇಕಡಾ 70ರ ವೇಗದಲ್ಲಿ ಅಷ್ಟು ಗಾಳಿ ಕೊಡುತ್ತದೆ. ಫಿಲ್ಟರ್ ಕಟ್ಟಿಕೊಳ್ಳುತ್ತ ಹೋದಂತೆ ಕಂಟ್ರೋಲರ್ ವೇಗ ಏರಿಸುತ್ತ 2400ನ್ನು ಕಾಯ್ದುಕೊಳ್ಳುತ್ತದೆ.

ಬ್ಯಾಕ್‌ನೆಟ್‌ನಲ್ಲಿ ಆದೇಶಕ್ಕೆ 16 ಮೆಟ್ಟಿಲುಗಳಿವೆ. 1ನೆಯದು ಎಲ್ಲಕ್ಕಿಂತ ಬಲಶಾಲಿ, 16 ಎಲ್ಲಕ್ಕಿಂತ ದುರ್ಬಲ. ಕಂಟ್ರೋಲರಿನ ತರ್ಕ ಇಲ್ಲಿ 10ನೇ ಮೆಟ್ಟಿಲಲ್ಲಿ ಬರೆಯುತ್ತದೆ. ಮನುಷ್ಯ ಪರದೆಯಿಂದ ಕೈಯಾರೆ ಕೊಡುವ ಆದೇಶ 8ನೇ ಮೆಟ್ಟಿಲಿನದು. ಫಿಲ್ಟರ್ ಬದಲಿಸಿದ ದಿನ ತಂತ್ರಜ್ಞ ಪರೀಕ್ಷೆಗಾಗಿ 8ರಲ್ಲಿ 70 ಎಂದು ಬರೆದ. ಗಾಳಿ ಸರಿಯಾಗಿ 2400 ಬಂತು. ಅವನು ಹೋದ. ಆ 70 ಅಲ್ಲೇ ಉಳಿಯಿತು.

ಅಂದು ಅದು ಸರಿಯಾದ ಅಂಕಿಯೇ ಆಗಿತ್ತು, ಆದ್ದರಿಂದ ಯಾರಿಗೂ ಏನೂ ತೋರಲಿಲ್ಲ. ತಿಂಗಳುಗಳು ಕಳೆದಂತೆ ಫಿಲ್ಟರ್ ಕಟ್ಟಿಕೊಂಡಿತು, ವೇಗ ಏರಲಿಲ್ಲ, ಗಾಳಿ 1900ಕ್ಕೆ ಇಳಿಯಿತು. ಅಂದರೆ ಗಂಟೆಗೆ 17.6 ಸಲ ಮಾತ್ರ, ನಿಯಮಕ್ಕಿಂತ ಕಡಿಮೆ. ಕೋಣೆಯ ಒತ್ತಡ 8ರಿಂದ 5ಕ್ಕೆ ಬಂದಿದೆ, ಆದರೆ ಎಚ್ಚರಿಕೆಯ ಮಿತಿ 3.0, ಅದು ಸುಮ್ಮನಿದೆ. ಆಗ ಕಂಟ್ರೋಲರಿನೊಳಗೆ ನೋಡಿದರೆ ಹೀಗೆ ಕಾಣುತ್ತದೆ:

```
Present_Value  : 70.0
Priority_Array : 8 = 70.0, 10 = 100.0
```

ಕಂಟ್ರೋಲರಿನ ತರ್ಕ 100 ಕೊಡಿ ಎಂದು ಕೇಳುತ್ತಿದೆ, ಮೇಲಿನ ಮೆಟ್ಟಿಲಿನ 70 ಅದನ್ನು ತಡೆಹಿಡಿದಿದೆ. ವೇಗದ ಗ್ರಾಫ್ ತೆಗೆದರೆ ತಿಂಗಳುಗಟ್ಟಲೆ ಒಂದೇ ಮಟ್ಟದ ಗೆರೆ. ಕಟ್ಟಿಕೊಳ್ಳುವ ಫಿಲ್ಟರಿನ ಮುಂದೆ ಜೀವಂತ ಫ್ಯಾನಿನ ಗೆರೆ ಹಾಗಿರುವುದಿಲ್ಲ. ಸರಿಪಡಿಸಲು 8ರಲ್ಲಿ 100 ಎಂದು ಬರೆಯುವುದು ತಪ್ಪು, ಆಗ ಅದೂ ಅಲ್ಲೇ ಅಂಟಿಕೊಳ್ಳುತ್ತದೆ. 8ನೇ ಮೆಟ್ಟಿಲಿಗೆ `NULL` ಬರೆದು ಅದನ್ನು ಖಾಲಿ ಮಾಡಬೇಕು, ಕೂಡಲೇ 10ರ ಮಾತು ನಡೆಯುತ್ತದೆ.

ಇದನ್ನು ಮೊದಲೇ ಹಿಡಿಯಬಹುದಾಗಿದ್ದ ಪಾಯಿಂಟ್ ಪಟ್ಟಿಯಲ್ಲೇ ಇತ್ತು. ಗಾಳಿಯ ಹರಿವಿಗೆ ಸೆನ್ಸರ್ ಇತ್ತು, ಪರದೆಯಲ್ಲಿ ಅಂಕಿಯೂ ಇತ್ತು. ಎಚ್ಚರಿಕೆಯ ಕಾಲಂ ಮಾತ್ರ ಖಾಲಿ. ಅಲ್ಲಿ 2160 ಎಂದು ಬರೆದಿದ್ದರೆ ಹರಿವು ಆ ಗೆರೆಗಿಂತ ಇಳಿದ ದಿನವೇ ತಿಳಿಯುತ್ತಿತ್ತು. ನಾಲ್ಕಂಕಿಯ ಪಾಯಿಂಟುಗಳಿರುವ ಪಟ್ಟಿಗಿಂತ, ಇಂಥ ಕಾಲಂ ತುಂಬಿದ ಕೆಲವು ನೂರು ಪಾಯಿಂಟುಗಳ ಪಟ್ಟಿ ಆಸ್ಪತ್ರೆಗೆ ಹೆಚ್ಚು ಉಪಯೋಗ. ಚಿಲ್ಲರ್, ಜನರೇಟರ್, ವಿದ್ಯುತ್ ಮೀಟರುಗಳು ಗೇಟ್‌ವೇ ಮೂಲಕ ನೂರಾರು ಅಂಕಿಗಳನ್ನು ಕೊಡಬಲ್ಲವು. ನೋಡಿ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲದ ಅಂಕಿಯನ್ನು ತರಿಸಬೇಕಾಗಿಲ್ಲ.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾಗದು. ಸಾಮಾನ್ಯ ಬ್ಯಾಕ್‌ನೆಟ್ ಐಪಿ ಸಂದೇಶಗಳಿಗೆ ಗುಪ್ತಲಿಪಿಯೂ ಇಲ್ಲ, ಕಳಿಸಿದವರು ಯಾರೆಂಬ ತಪಾಸಣೆಯೂ ಇಲ್ಲ. ಆ ನೆಟ್‌ವರ್ಕಿಗೆ ಲ್ಯಾಪ್‌ಟಾಪ್ ಜೋಡಿಸಿದ ಯಾರೇ ಆದರೂ ಓಟಿ-3ರ 8ನೇ ಮೆಟ್ಟಿಲಿಗೆ 0 ಎಂದು ಬರೆದು ಫ್ಯಾನ್ ನಿಲ್ಲಿಸಬಹುದು. ಆದ್ದರಿಂದ ಬಿಎಂಎಸ್‌ನ ವಿಎಲ್ಯಾನ್ ರೋಗಿಗಳ ವೈಫೈಯಿಂದ, ಬಿಲ್ಲಿಂಗ್ ಕಂಪ್ಯೂಟರುಗಳಿಂದ ಪೂರ್ತಿ ಬೇರೆಯಾಗಿರಬೇಕು, 47808ನೇ ಪೋರ್ಟ್ ಇಂಟರ್‌ನೆಟ್ಟಿಗೆ ತೆರೆದಿರಲೇಬಾರದು. ದೂರದಿಂದ ನೋಡಿಕೊಳ್ಳುವ ಗುತ್ತಿಗೆದಾರ ವಿಪಿಎನ್ ಮೂಲಕವೇ ಬರಲಿ. ಗುಪ್ತಲಿಪಿ ಮತ್ತು ಗುರುತಿನ ಪ್ರಮಾಣಪತ್ರ ಎರಡನ್ನೂ ಬಳಸುವ ಬ್ಯಾಕ್‌ನೆಟ್ ಎಸ್‌ಸಿ ಎಂಬ ರೂಪ 2019ರಿಂದ ಮಾನದಂಡದಲ್ಲಿದೆ. ಹೊಸದಾಗಿ ಕಟ್ಟುವವರು ಅದನ್ನು ಕೇಳಿ ಪಡೆಯಬೇಕು. ಅದನ್ನು ಕೊಂಡರೆ ಪ್ರಮಾಣಪತ್ರಗಳ ಅವಧಿ ಮುಗಿಯುವ ತಾರೀಖನ್ನೂ ಪಟ್ಟಿಯಲ್ಲಿ ಬರೆದಿಡಬೇಕು. ಮುಗಿದ ದಿನ ಕಂಟ್ರೋಲರುಗಳು ಮಾತು ನಿಲ್ಲಿಸುತ್ತವೆ.

ಆಸ್ಪತ್ರೆ ಕಟ್ಟಿಸುತ್ತಿರುವ ಟ್ರಸ್ಟಿಗಳಲ್ಲಿ, ಆಡಳಿತಾಧಿಕಾರಿಗಳಲ್ಲಿ ಒಂದು ವಿನಂತಿ. ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಪಾಯಿಂಟ್ ಲಿಸ್ಟನ್ನು ತಿದ್ದಲು ಬರುವ ಫೈಲಿನಲ್ಲಿ ಕೇಳಿ ಪಡೆಯಿರಿ, ಪಿಡಿಎಫ್ ಒಪ್ಪಬೇಡಿ. ಅದರಲ್ಲಿ ಡಿವೈಸ್ ಸಂಖ್ಯೆಗಳು, ಐಪಿ ವಿಳಾಸಗಳು, ಬಿಬಿಎಂಡಿ ಯಾವುದು, ಸೆನ್ಸರುಗಳ ಹರವು, ಎಚ್ಚರಿಕೆಯ ಮಿತಿಗಳು ಇರಲಿ. ಕಂಟ್ರೋಲರುಗಳ ಬ್ಯಾಕಪ್ ಮತ್ತು ಪಾಸ್‌ವರ್ಡ್ ಆಸ್ಪತ್ರೆಯ ಕೈಯಲ್ಲಿರಲಿ. ಆಮೇಲೆ ನಿಮ್ಮ ಬಯೋಮೆಡಿಕಲ್ ಅಥವಾ ಮೆಂಟೆನೆನ್ಸ್ ವಿಭಾಗದ ಒಬ್ಬರಿಗೆ ತಿಂಗಳಿಗೊಮ್ಮೆ ಮಾಡುವ ಒಂದು ಕೆಲಸ ವಹಿಸಿ: 8ನೇ ಮೆಟ್ಟಿಲಲ್ಲಿ ಏನಾದರೂ ಉಳಿದಿರುವ ಪಾಯಿಂಟುಗಳು ಯಾವುವು, `Out_Of_Service` ಎಂದು ಗುರುತು ಹಾಕಿ ಕೈಯಾರೆ ಅಂಕಿ ತುಂಬಿರುವವು ಯಾವುವು ಎಂದು ಪಟ್ಟಿ ತೆಗೆದು, ಪ್ರತಿಯೊಂದಕ್ಕೂ ಕಾರಣ ಬರೆಸುವುದು. ಕಾರಣ ಸಿಗದ್ದನ್ನು ಅಂದೇ ಬಿಡಿಸಲಿ.